ಚಿನ್ನದ ನ್ಯಾನೊಕಣಗಳ ಬಣ್ಣ ಏಕೆ ಬದಲಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಮತ್ತು ಕೆಜಿಎಫ್ ಸುತ್ತಲಿನ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವವರು ಸಿಟ್ರೇಟ್ ವಿಧಾನದಿಂದ ಚಿನ್ನದ ನ್ಯಾನೊಕಣಗಳನ್ನು ತಯಾರಿಸುವಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಹೆಚ್ಚಿನವು ಒಂದೇ ಗೊಂದಲದ ಸುತ್ತ ಸುತ್ತುತ್ತವೆ: ದ್ರಾವಣದ ಕೆಂಪು ನೇರಳೆಗೆ ತಿರುಗಿದರೆ ಅದಕ್ಕೆ ಕಣದ ಗಾತ್ರ ಕಾರಣವೋ, ಆಕಾರ ಕಾರಣವೋ, ಕಣಗಳು ಒಂದಕ್ಕೊಂದು ಅಂಟಿಕೊಂಡದ್ದು ಕಾರಣವೋ ಎಂಬುದು. ಆದ್ದರಿಂದ ಉತ್ತರಗಳೂ ಆ ಪ್ರಶ್ನೆಯ ಕಡೆಗೇ ಸಾಗುತ್ತವೆ.

ಕೆಜಿಎಫ್‌ನ ಗಣಿಯಿಂದ ಬಂದ ಚಿನ್ನ ಹಳದಿಯಾಗಿತ್ತು. ಅದೇ ಚಿನ್ನ ನೀರಿನಲ್ಲಿ ಕೆಂಪಾಗಿ ಕಾಣುವುದು ಹೇಗೆ?

ಗಟ್ಟಿಯ ಹಳದಿಗೂ ಕಣದ ಕೆಂಪಿಗೂ ಕಾರಣಗಳು ಬೇರೆ ಬೇರೆ. ಚಿನ್ನದ ಪರಮಾಣುವಿನ 5d ಪಟ್ಟಿಯಲ್ಲಿರುವ ಎಲೆಕ್ಟ್ರಾನ್‌ಗಳು ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಶಕ್ತಿಯ ಬೆಳಕನ್ನು, ಅಂದರೆ ನೀಲಿ ಮತ್ತು ಅದರಾಚೆಯ ಬೆಳಕನ್ನು ಹೀರಿಕೊಂಡು ಮೇಲಿನ ಪಟ್ಟಿಗೆ ಏರುತ್ತವೆ. ನೀಲಿ ಕಳೆದುಹೋದ ಬೆಳಕು ಗಟ್ಟಿಯ ಮೇಲ್ಮೈಯಿಂದ ಪ್ರತಿಫಲಿಸಿದಾಗ ಹಳದಿಯಾಗಿ ಕಾಣುತ್ತದೆ. ಈ ಹೀರುವಿಕೆ ಕಣದಲ್ಲಿಯೂ ಇರುತ್ತದೆ. ಆದರೆ ಕಣವು ಹತ್ತಿಪ್ಪತ್ತು ನ್ಯಾನೊಮೀಟರ್‌ಗೆ ಇಳಿದಾಗ ಅದರ ಜೊತೆಗೆ 520 ನ್ಯಾನೊಮೀಟರ್ ತರಂಗದೂರದ ಆಸುಪಾಸಿನ ಹಸಿರು ಬೆಳಕನ್ನು ಬಲವಾಗಿ ಹೀರುವ ಮತ್ತೊಂದು ಕ್ರಿಯೆ ಸೇರಿಕೊಳ್ಳುತ್ತದೆ. ಹಸಿರು ಬಹುಪಾಲು ಹೋಗಿ, ನೀಲಿಯೂ ಭಾಗಶಃ ಹೋದ ಮೇಲೆ ದ್ರಾವಣವನ್ನು ದಾಟಿ ಬರುವ ಬೆಳಕಿನಲ್ಲಿ ಕೆಂಪು ಮೇಲುಗೈ ಪಡೆಯುತ್ತದೆ. ಈ ಎರಡನೆಯ ಕ್ರಿಯೆಯೇ ಸ್ಥಾನಿಕ ಮೇಲ್ಮೈ ಪ್ಲಾಸ್ಮಾನ್ ಅನುರಣನೆ.

ಮೈಕೆಲ್ ಫ್ಯಾರಡೆ 1857ರಲ್ಲಿಯೇ ರಂಜಕದ ನೆರವಿನಿಂದ ಇಂತಹ ಕೆಂಪು ದ್ರವಗಳನ್ನು ತಯಾರಿಸಿ, ಅವುಗಳ ಬಣ್ಣಕ್ಕೆ ಬಹಳ ಸೂಕ್ಷ್ಮವಾಗಿ ಹರಡಿದ ಲೋಹದ ಚಿನ್ನವೇ ಕಾರಣವೆಂದು ವಾದಿಸಿದ್ದರು. ಕಣಗಳನ್ನು ಕಣ್ಣಾರೆ ತೋರಿಸುವ ಉಪಕರಣ ಆಗ ಇರಲಿಲ್ಲ.

ಈ ಅನುರಣನೆಯಲ್ಲಿ ನಿಜವಾಗಿ ಆಂದೋಲನಗೊಳ್ಳುವುದು ಯಾವುದು?

ಲೋಹದೊಳಗೆ ಮುಕ್ತವಾಗಿ ಚಲಿಸುವ ಎಲೆಕ್ಟ್ರಾನ್‌ಗಳ ಸಮೂಹ. ಬೆಳಕಿನ ವಿದ್ಯುತ್ ಕ್ಷೇತ್ರ ಕಣದ ಮೇಲೆ ಬಿದ್ದಾಗ ಈ ಸಮೂಹವು ಒಟ್ಟಾಗಿ ಒಂದು ಬದಿಗೆ ಸರಿಯುತ್ತದೆ. ಆ ಬದಿಯ ಮೇಲ್ಮೈಯಲ್ಲಿ ಋಣ ಆವೇಶ ಹೆಚ್ಚುತ್ತದೆ, ಎದುರು ಬದಿಯಲ್ಲಿ ಎಲೆಕ್ಟ್ರಾನ್‌ಗಳ ಕೊರತೆಯಿಂದ ಧನ ಆವೇಶ ಉಳಿಯುತ್ತದೆ, ಮತ್ತು ಈ ಎರಡು ಆವೇಶಗಳ ನಡುವಿನ ಸೆಳೆತ ಎಲೆಕ್ಟ್ರಾನ್‌ಗಳನ್ನು ಮರಳಿ ಎಳೆಯುತ್ತದೆ. ಮರಳಿ ಎಳೆಯುವ ಬಲ ಇರುವಲ್ಲಿ ಒಂದು ಸ್ವಾಭಾವಿಕ ಆವೃತ್ತಿಯೂ ಇರುತ್ತದೆ. ಬೆಳಕಿನ ಆವೃತ್ತಿ ಅದಕ್ಕೆ ಹೊಂದಿದಾಗ ಕಣವು ತನ್ನ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕುದಕ್ಕಿಂತ ಹೆಚ್ಚು ಬೆಳಕನ್ನು ಹೀರಬಲ್ಲದು.

ದನಗಳಿಗೆ ನೀರಿಡುವ ಉದ್ದನೆಯ ಕಲ್ಲುತೊಟ್ಟಿಯನ್ನು ಅಲುಗಿಸಿದರೆ ನೀರು ಉದ್ದದ ದಿಕ್ಕಿನಲ್ಲಿ ನಿಧಾನವಾಗಿಯೂ ಅಗಲದ ದಿಕ್ಕಿನಲ್ಲಿ ಬೇಗಬೇಗನೆಯೂ ತುಳುಕುತ್ತದೆ. ಆಕಾರ ಬದಲಾದರೆ ಆವೃತ್ತಿ ಬದಲಾಗುತ್ತದೆ ಎಂಬುದನ್ನು ನೆನಪಿಡಲು ಈ ಹೋಲಿಕೆ ಸಾಕು. ಅದಕ್ಕಿಂತ ಮುಂದೆ ಇದನ್ನು ಎಳೆಯಬಾರದು, ಏಕೆಂದರೆ ತೊಟ್ಟಿಯಲ್ಲಿ ನೀರನ್ನು ಮರಳಿಸುವುದು ಗುರುತ್ವ, ಕಣದಲ್ಲಿ ಎಲೆಕ್ಟ್ರಾನ್‌ಗಳನ್ನು ಮರಳಿಸುವುದು ತುದಿಗಳಲ್ಲಿ ಸಂಗ್ರಹವಾದ ಆವೇಶ.

520 ನ್ಯಾನೊಮೀಟರ್ ಎಂಬ ಸಂಖ್ಯೆ ಎಲ್ಲಿಂದ ಬರುತ್ತದೆ? ಲೆಕ್ಕ ಹಾಕಿ ತೋರಿಸಬಹುದೇ?

ತೋರಿಸಬಹುದು, ಮತ್ತು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಮುಂದಿನ ಪ್ರಶ್ನೆಗಳು ಹಗುರವಾಗುತ್ತವೆ. ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕದಾದ ಗೋಳವು ಎಷ್ಟು ಬಲವಾಗಿ ಧ್ರುವೀಕರಣಗೊಳ್ಳುತ್ತದೆ ಎಂಬುದನ್ನು ಈ ಸೂತ್ರ ಹೇಳುತ್ತದೆ:

α = 4πR³ (ε − εm) / (ε + 2εm)

ಇಲ್ಲಿ R ಗೋಳದ ತ್ರಿಜ್ಯ, ε ಎಂಬುದು ಚಿನ್ನದ ಡೈಎಲೆಕ್ಟ್ರಿಕ್ ಫಲನ, εm ಎಂಬುದು ಸುತ್ತಲಿನ ಮಾಧ್ಯಮದ್ದು. ಛೇದವು ಸೊನ್ನೆಗೆ ಅತಿ ಸಮೀಪ ಬಂದಾಗ α ಗರಿಷ್ಠವಾಗುತ್ತದೆ, ಅಂದರೆ ε ನ ವಾಸ್ತವ ಭಾಗವು −2εm ಆಗಬೇಕು. ನೀರಿನ ವಕ್ರೀಭವನ ಸೂಚ್ಯಂಕ 1.33. ಅದರ ವರ್ಗ ಸುಮಾರು 1.77. ಆದ್ದರಿಂದ ನಮಗೆ ಬೇಕಾಗಿರುವುದು ಚಿನ್ನದ ε ಸುಮಾರು −3.5 ಆಗುವ ತರಂಗದೂರ.

ಜಾನ್ಸನ್ ಮತ್ತು ಕ್ರಿಸ್ಟಿ 1972ರಲ್ಲಿ ಪ್ರಕಟಿಸಿದ ಅಳತೆಗಳಿಂದ ಲೆಕ್ಕ ಹಾಕಿದರೆ ಚಿನ್ನದ ε ನ ವಾಸ್ತವ ಭಾಗವು 496 ನ್ಯಾನೊಮೀಟರ್‌ನಲ್ಲಿ ಸುಮಾರು −2.3, 521 ನ್ಯಾನೊಮೀಟರ್‌ನಲ್ಲಿ ಸುಮಾರು −3.9. ನಮ್ಮ −3.5 ಇವೆರಡರ ನಡುವೆ, 515ರ ಹತ್ತಿರ ಬೀಳುತ್ತದೆ. ಪ್ರಯೋಗಾಲಯದಲ್ಲಿ 13 ನ್ಯಾನೊಮೀಟರ್ ವ್ಯಾಸದ ಕಣಗಳಿಗೆ ಸಿಗುವ ಶಿಖರ 518ರಿಂದ 520ರ ಆಸುಪಾಸಿನದು. ಲೆಕ್ಕದಲ್ಲಿ ε ನ ಕಾಲ್ಪನಿಕ ಭಾಗವನ್ನು, ಅಂದರೆ ಮೊದಲ ಉತ್ತರದಲ್ಲಿ ಹೇಳಿದ ನೀಲಿಯ ಹೀರುವಿಕೆಯನ್ನು, ನಾವು ಬದಿಗಿಟ್ಟಿದ್ದೇವೆ. ಅಷ್ಟನ್ನು ಬಿಟ್ಟೂ ಉತ್ತರ ಇಷ್ಟು ಹತ್ತಿರ ಬರುತ್ತದೆ.

ಸೂತ್ರದಲ್ಲಿ R ಇದೆ. ಹಾಗಾದರೆ ಗಾತ್ರ ಹೆಚ್ಚಿದಂತೆ ಬಣ್ಣ ಬದಲಾಗುವುದು ಅದರಿಂದಲೇ?

ಅಲ್ಲ. R³ ಎಂಬುದು ಧ್ರುವೀಕರಣದ ಪ್ರಮಾಣವನ್ನು ಹೆಚ್ಚಿಸುತ್ತದೆಯೇ ಹೊರತು ಛೇದವನ್ನು ಮುಟ್ಟುವುದಿಲ್ಲ. ಅನುರಣನೆಯ ಷರತ್ತಿನಲ್ಲಿ ತ್ರಿಜ್ಯವೇ ಇಲ್ಲ. ಈ ಸೂತ್ರವನ್ನು ನಂಬಿದರೆ 10 ನ್ಯಾನೊಮೀಟರ್ ಗೋಳವೂ 100 ನ್ಯಾನೊಮೀಟರ್ ಗೋಳವೂ ಒಂದೇ ಜಾಗದಲ್ಲಿ ಶಿಖರ ತೋರಿಸಬೇಕು. ಚಿಕ್ಕ ಕಣಗಳ ಮಟ್ಟಿಗೆ ಇದು ಬಹುಪಾಲು ನಿಜ.

ಸೂತ್ರ ಸೋಲುವುದು ಕಣ ದೊಡ್ಡದಾದಾಗ. ಗಾಳಿಯಲ್ಲಿ 520 ನ್ಯಾನೊಮೀಟರ್ ಇರುವ ಬೆಳಕಿನ ತರಂಗದೂರ ನೀರಿನೊಳಗೆ ಸುಮಾರು 390 ಆಗುತ್ತದೆ. 13 ನ್ಯಾನೊಮೀಟರ್ ಕಣ ಅದರ ಮೂವತ್ತನೇ ಒಂದು ಭಾಗ ಮಾತ್ರ. ಆದ್ದರಿಂದ ಕಣದ ಎಲ್ಲ ಬಿಂದುಗಳೂ ಒಂದೇ ಕ್ಷಣದಲ್ಲಿ ಒಂದೇ ಕ್ಷೇತ್ರವನ್ನು ಕಾಣುತ್ತವೆ ಎಂದು ಭಾವಿಸುವುದರಲ್ಲಿ ತಪ್ಪಿಲ್ಲ. 100 ನ್ಯಾನೊಮೀಟರ್ ಕಣವಾದರೋ ತರಂಗದೂರದ ಕಾಲು ಭಾಗದಷ್ಟಿರುತ್ತದೆ. ಅದರ ಒಂದು ಬದಿಯಲ್ಲಿ ಕ್ಷೇತ್ರ ಏರುತ್ತಿರುವಾಗ ಇನ್ನೊಂದು ಬದಿಗೆ ಆ ಹಂತ ಇನ್ನೂ ತಲುಪಿರುವುದಿಲ್ಲ. ಎಲೆಕ್ಟ್ರಾನ್ ಸಮೂಹದ ಚಲನೆಯಲ್ಲಿ ಹೊಂದಾಣಿಕೆ ತಪ್ಪುತ್ತದೆ, ಮರಳಿ ಎಳೆಯುವ ಬಲ ತಗ್ಗುತ್ತದೆ, ಆವೃತ್ತಿ ಇಳಿಯುತ್ತದೆ, ಶಿಖರ ಕೆಂಪಿನ ಕಡೆಗೆ ಸರಿಯುತ್ತದೆ. ಇದರ ಜೊತೆಗೆ ದೊಡ್ಡ ಕಣವು ತಾನು ಪಡೆದ ಶಕ್ತಿಯನ್ನು ಬೆಳಕಾಗಿಯೇ ಸುತ್ತಲೂ ಹೊರಸೂಸತೊಡಗುವುದರಿಂದ ಆಂದೋಲನ ಬೇಗ ಸವೆದು ಶಿಖರ ಅಗಲವಾಗುತ್ತದೆ. ಎಲ್ಲ ಗಾತ್ರದ ಗೋಳಗಳಿಗೂ ಸಲ್ಲುವ ಪೂರ್ಣ ಲೆಕ್ಕವನ್ನು ಗುಸ್ತಾವ್ ಮೀ 1908ರಲ್ಲಿ ಕೊಟ್ಟರು.

ಆದರೂ ಈ ಸರಿತ ಎಷ್ಟೆಂಬುದನ್ನು ಗಮನಿಸಬೇಕು. ನೀರಿನಲ್ಲಿ 20 ನ್ಯಾನೊಮೀಟರ್ ಗೋಳಗಳ ಶಿಖರ 520ರಿಂದ 525ರೊಳಗೆ, 40ರದ್ದು ಸುಮಾರು 530, 60ರದ್ದು ಸುಮಾರು 540, 100ರದ್ದು ಸುಮಾರು 570. ವ್ಯಾಸ ಐದು ಪಟ್ಟಾದರೂ ಶಿಖರ ಸರಿದದ್ದು ಐವತ್ತು ನ್ಯಾನೊಮೀಟರ್‌ನಷ್ಟು ಮಾತ್ರ. ಗಾತ್ರದಿಂದ ಬಣ್ಣ ಮನಬಂದಂತೆ ಬದಲಾಗುತ್ತದೆಂಬ ಮಾತು ಉತ್ಪ್ರೇಕ್ಷೆಯೆಂದೇ ನನ್ನ ಅಭಿಪ್ರಾಯ.

ಶಿಖರದ ಸ್ಥಾನವನ್ನು ನೋಡಿ ಕಣದ ಗಾತ್ರ ಹೇಳಬಹುದೇ?

ಸುಮಾರು 35 ನ್ಯಾನೊಮೀಟರ್‌ಗಿಂತ ದೊಡ್ಡ, ಚೆನ್ನಾಗಿ ಬೇರ್ಪಟ್ಟ ಗೋಳಗಳಿಗೆ ಅಂದಾಜು ಹೇಳಬಹುದು. ಅದಕ್ಕಿಂತ ಚಿಕ್ಕವಕ್ಕೆ ಸ್ಥಾನವು ಬಹಳ ಕಡಿಮೆ ಸರಿಯುವುದರಿಂದ, ಕಾಲೇಜಿನ ಸ್ಪೆಕ್ಟ್ರೋಫೋಟೊಮೀಟರ್‌ನಲ್ಲಿ ಒಂದೆರಡು ನ್ಯಾನೊಮೀಟರ್ ವ್ಯತ್ಯಾಸವನ್ನು ಹಿಡಿದು 13 ಅಥವಾ 18 ಎಂದು ಬರೆಯುವುದು ಸಮರ್ಥನೀಯವಲ್ಲ. ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಕಣ ಇನ್ನೂ ಚಿಕ್ಕದಾದರೆ ಶಿಖರ ನೀಲಿಯ ಕಡೆಗೆ ಹೋಗುತ್ತಲೇ ಇರುತ್ತದೆಯೇ?

ಹೋಗುವುದಿಲ್ಲ, ಮಾಸಿಹೋಗುತ್ತದೆ. ಚಿನ್ನದಲ್ಲಿ ಎಲೆಕ್ಟ್ರಾನ್ ಒಂದು ಡಿಕ್ಕಿಯಿಂದ ಮುಂದಿನ ಡಿಕ್ಕಿಯವರೆಗೆ ಸರಾಸರಿ 40 ನ್ಯಾನೊಮೀಟರ್‌ನಷ್ಟು ಸಾಗುತ್ತದೆ. ಕಣವೇ 5 ನ್ಯಾನೊಮೀಟರ್ ಇದ್ದರೆ ಅದು ಮತ್ತೆ ಮತ್ತೆ ಮೇಲ್ಮೈಗೆ ಬಡಿಯುತ್ತದೆ, ಆಂದೋಲನ ಬೇಗ ಕುಗ್ಗುತ್ತದೆ, ಶಿಖರ ತಗ್ಗಿ ಹರಡಿಕೊಳ್ಳುತ್ತದೆ. ಸುಮಾರು 2 ನ್ಯಾನೊಮೀಟರ್‌ಗಿಂತ ಕೆಳಗೆ ಪ್ಲಾಸ್ಮಾನ್ ಶಿಖರವೇ ಕಾಣೆಯಾಗುತ್ತದೆ. ಅಲ್ಲಿಂದ ಮುಂದೆ ಅದು ಅಣುವಿನಂತೆ ಬಿಡಿ ಬಿಡಿ ಶಕ್ತಿಮಟ್ಟಗಳಿರುವ ಗುಚ್ಛ.

ಆಕಾರದಿಂದ ಅಷ್ಟು ದೊಡ್ಡ ಸರಿತ ಹೇಗೆ ಸಾಧ್ಯ?

ಉದ್ದನೆಯ ಕಣದಲ್ಲಿ ಎಲೆಕ್ಟ್ರಾನ್‌ಗಳು ಉದ್ದದ ದಿಕ್ಕಿನಲ್ಲಿ ಸರಿದಾಗ ವಿರುದ್ಧ ಆವೇಶಗಳು ಎರಡು ತುದಿಗಳಲ್ಲಿ, ಒಂದಕ್ಕೊಂದು ದೂರದಲ್ಲಿ ಸೇರುತ್ತವೆ. ದೂರವಿರುವುದರಿಂದ ಸೆಳೆತ ದುರ್ಬಲ, ಸೆಳೆತ ದುರ್ಬಲವಾದ್ದರಿಂದ ಆವೃತ್ತಿ ಕಡಿಮೆ. ಅಗಲದ ದಿಕ್ಕಿನಲ್ಲಿ ಆವೇಶಗಳು ಹತ್ತಿರದಲ್ಲೇ ಇರುವುದರಿಂದ ಆವೃತ್ತಿ ಗೋಳದ್ದಕ್ಕಿಂತ ಸ್ವಲ್ಪ ಹೆಚ್ಚೇ. ಹೀಗೆ ಒಂದೇ ಕಣಕ್ಕೆ ಎರಡು ಶಿಖರಗಳು ಬರುತ್ತವೆ. ದೀರ್ಘವೃತ್ತಾಭ ಆಕಾರಕ್ಕೆ ಇದರ ಲೆಕ್ಕವನ್ನು ರಿಚರ್ಡ್ ಗಾನ್ಸ್ 1912ರಲ್ಲಿ ಕೊಟ್ಟರು. ಅದರ ಪ್ರಕಾರ ಅನುರಣನೆಯ ಷರತ್ತು ಹೀಗಿದೆ:

ε = −εm (1 − L) / L

L ಎಂಬುದು ಆಕಾರವನ್ನು ಮಾತ್ರ ಅವಲಂಬಿಸಿದ ಸಂಖ್ಯೆ. ಗೋಳಕ್ಕೆ L = 1/3. ಹಾಕಿ ನೋಡಿದರೆ ಹಿಂದಿನ −2εm ಮತ್ತೆ ಸಿಗುತ್ತದೆ. ಉದ್ದವು ಅಗಲದ ಮೂರರಷ್ಟಿರುವ ಕಣವನ್ನು ತೆಗೆದುಕೊಳ್ಳೋಣ. ಅದರ ಉದ್ದದ ದಿಕ್ಕಿಗೆ L ಸುಮಾರು 0.109. ಆಗ (1 − L)/L ಸುಮಾರು 8.2, ಅದನ್ನು 1.77ರಿಂದ ಗುಣಿಸಿದರೆ 14.5. ಅಂದರೆ ಚಿನ್ನದ ε ಸುಮಾರು −14.5 ಆಗುವ ಜಾಗ ಬೇಕು. ಮೇಲೆ ಹೇಳಿದ ಅಳತೆಗಳಲ್ಲಿಯೇ ನೋಡಿದರೆ 659 ನ್ಯಾನೊಮೀಟರ್‌ನಲ್ಲಿ ε ಸುಮಾರು −13.6, 704ರಲ್ಲಿ ಸುಮಾರು −16.8. ಆದ್ದರಿಂದ ಶಿಖರ 670ರ ಹತ್ತಿರ ಬರಬೇಕು. ಅನುಪಾತವನ್ನು ನಾಲ್ಕಕ್ಕೆ ಏರಿಸಿದರೆ ಅದೇ ಲೆಕ್ಕ 770ರ ಸಮೀಪಕ್ಕೆ ಒಯ್ಯುತ್ತದೆ. ನಿಜವಾದ ನ್ಯಾನೊಕಡ್ಡಿಯು ದೀರ್ಘವೃತ್ತಾಭವಾಗಿರದೆ ತುದಿ ದುಂಡಗಾದ ಸಿಲಿಂಡರಿನಂತಿರುವುದರಿಂದ ಅಳತೆಯ ಮೌಲ್ಯ ಇದಕ್ಕಿಂತ ತುಸು ಬೇರೆಯಾಗಿರುತ್ತದೆ. ಆದರೆ ದಿಕ್ಕೂ ಪ್ರಮಾಣವೂ ಇವೇ.

ಗೋಳದ ವ್ಯಾಸವನ್ನು ಐದು ಪಟ್ಟು ಹೆಚ್ಚಿಸಿ ಪಡೆದ ಐವತ್ತರ ಸರಿತವನ್ನು, ಆಕಾರದ ಅನುಪಾತವನ್ನು ಒಂದರಿಂದ ನಾಲ್ಕಕ್ಕೆ ಒಯ್ದು ಪಡೆದ ಇನ್ನೂರೈವತ್ತರ ಸರಿತದ ಪಕ್ಕದಲ್ಲಿಟ್ಟರೆ ಯಾವುದು ಬಲವಾದ ಹಿಡಿಕೆ ಎಂಬುದು ತಿಳಿಯುತ್ತದೆ.

ಅನುಪಾತ ಹೆಚ್ಚಿದಂತೆ ಕಡ್ಡಿಗಳ ದ್ರಾವಣ ಇನ್ನಷ್ಟು ನೀಲಿಯಾಗುತ್ತದೆಯೇ?

ಒಂದು ಮಿತಿಯವರೆಗೆ ಮಾತ್ರ. ಉದ್ದದ ಶಿಖರ 600ರಿಂದ 700ರ ನಡುವೆ ಇರುವಾಗ ಕೆಂಪು ಬೆಳಕು ಹೀರಲ್ಪಟ್ಟು ದ್ರಾವಣ ನೀಲಿಯಾಗಿ ಅಥವಾ ಹಸಿರು ಬೆರೆತ ನೀಲಿಯಾಗಿ ಕಾಣುತ್ತದೆ. ಶಿಖರ 800 ದಾಟಿತೆಂದರೆ ಅದು ಅವಕೆಂಪಿಗೆ ಸೇರಿ ಕಣ್ಣಿಗೆ ಕಾಣುವುದಿಲ್ಲ. ಆಗ ಕಣ್ಣಿಗೆ ಉಳಿಯುವುದು 510ರ ಆಸುಪಾಸಿನ ಅಗಲದ ಶಿಖರ ಮಾತ್ರ, ಮತ್ತು ದ್ರಾವಣ ಮತ್ತೆ ಕಂದುಗೆಂಪಿನತ್ತ ಮರಳುತ್ತದೆ. ಇದನ್ನು ಕಂಡು ಕಡ್ಡಿಗಳೇ ಆಗಿಲ್ಲವೆಂದು ದ್ರಾವಣವನ್ನು ಚೆಲ್ಲುವವರಿದ್ದಾರೆ. ಚೆಲ್ಲುವ ಮೊದಲು ರೋಹಿತವನ್ನು 1000 ನ್ಯಾನೊಮೀಟರ್‌ವರೆಗೆ ತೆಗೆದು ನೋಡಬೇಕು.

ಗೋಳಗಳನ್ನು ತಯಾರಿಸುವ ಕ್ರಮವೇನು? ಗಾತ್ರವನ್ನು ಹೇಗೆ ಹತೋಟಿಯಲ್ಲಿಡುವುದು?

ಟರ್ಕೆವಿಚ್ ಮತ್ತು ಸಂಗಡಿಗರು 1951ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ತರಗತಿಗಳಲ್ಲಿ ನಡೆಯುತ್ತದೆ. 1 ಮಿಲಿಮೋಲಾರ್ ಸಾಂದ್ರತೆಯ ಕ್ಲೋರೋಆರಿಕ್ ಆಮ್ಲದ ದ್ರಾವಣ 20 ಮಿಲಿಲೀಟರ್ ತೆಗೆದುಕೊಂಡು, ಕಾಂತೀಯ ಕಲಕುಕಡ್ಡಿಯಿಂದ ಕಲಕುತ್ತಾ ಕುದಿಸಿ, ಕುದಿಯುತ್ತಿರುವಾಗಲೇ ಶೇಕಡಾ 1ರ ಟ್ರೈಸೋಡಿಯಂ ಸಿಟ್ರೇಟ್ ದ್ರಾವಣ 2 ಮಿಲಿಲೀಟರನ್ನು ಒಮ್ಮೆಲೇ ಸುರಿಯಬೇಕು. ತಿಳಿ ಹಳದಿ ಮೊದಲು ಮಾಯವಾಗುತ್ತದೆ, ಅನಂತರ ಬೂದು ಮಿಶ್ರಿತ ಕಡುನೀಲಿ, ಆಮೇಲೆ ನೇರಳೆ, ಕೊನೆಗೆ ಹತ್ತು ನಿಮಿಷಗಳೊಳಗೆ ಗಾಢ ಕೆಂಪು ಬರುತ್ತದೆ. ನಡುವಿನ ಕಡುನೀಲಿಯನ್ನು ಕಂಡು ಗಾಬರಿಯಾಗಬೇಕಿಲ್ಲ, ಅದು ಈ ಕ್ರಿಯೆಯ ಸಹಜ ಹಂತ. ಹೀಗೆ ಸಿಗುವ ಕಣಗಳ ವ್ಯಾಸ ಸುಮಾರು 13 ನ್ಯಾನೊಮೀಟರ್.

ಸಿಟ್ರೇಟ್ ಕಡಿಮೆ ಮಾಡಿದರೆ ಕಣ ದೊಡ್ಡದಾಗುತ್ತದೆ. ಫ್ರೆನ್ಸ್ 1973ರಲ್ಲಿ ತೋರಿಸಿದಂತೆ, ಶೇಕಡಾ 0.01ರ ಕ್ಲೋರೋಆರಿಕ್ ಆಮ್ಲ 50 ಮಿಲಿಲೀಟರ್‌ಗೆ ಶೇಕಡಾ 1ರ ಸಿಟ್ರೇಟ್ 1 ಮಿಲಿಲೀಟರ್ ಹಾಕಿದರೆ ಸುಮಾರು 16 ನ್ಯಾನೊಮೀಟರ್, ಅರ್ಧ ಮಿಲಿಲೀಟರ್ ಹಾಕಿದರೆ ಸುಮಾರು 41 ನ್ಯಾನೊಮೀಟರ್ ಕಣಗಳು ಸಿಗುತ್ತವೆ. ಇನ್ನೂ ಕಡಿಮೆ ಮಾಡಿದರೆ ದೊಡ್ಡ ಕಣಗಳೇನೋ ಬರುತ್ತವೆ, ಆದರೆ ಗಾತ್ರಗಳಲ್ಲಿ ಏರುಪೇರು ಹೆಚ್ಚಿ, ಎಲ್ಲವೂ ಗೋಳವಾಗಿ ಉಳಿಯುವುದಿಲ್ಲ.

ನಮ್ಮ ದ್ರಾವಣ ಮೊದಲು ಕೆಂಪಾಗಿದ್ದು ಮರುದಿನ ನೇರಳೆಯಾಯಿತು. ಕಣಗಳು ಬೆಳೆದವೇ?

ಬಹುಮಟ್ಟಿಗೆ ಇಲ್ಲ. ಚಿನ್ನದ ಲವಣವೆಲ್ಲ ಖರ್ಚಾದ ಮೇಲೆ ಕಣ ಬೆಳೆಯಲು ಚಿನ್ನವೇ ಉಳಿದಿರುವುದಿಲ್ಲ. ನಡೆದಿರುವುದು ಗುಂಪುಗೂಡುವಿಕೆ. ಕಣಗಳ ಮೇಲ್ಮೈಗೆ ಅಂಟಿದ ಸಿಟ್ರೇಟ್‌ನ ಋಣ ಆವೇಶದಿಂದಾಗಿ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ನೀರಿಗೆ ಲವಣ ಸೇರಿದರೆ ಅದರ ಧನ ಅಯಾನುಗಳು ಈ ಆವೇಶವನ್ನು ಮರೆಮಾಡುತ್ತವೆ, ಕಣಗಳು ಬಹಳ ಹತ್ತಿರ ಬರುತ್ತವೆ, ವಾನ್ ಡರ್ ವಾಲ್ಸ್ ಸೆಳೆತ ಅವನ್ನು ಹಿಡಿದಿಡುತ್ತದೆ. ಎರಡು ಕಣಗಳ ನಡುವಿನ ಅಂತರ ಅವುಗಳ ವ್ಯಾಸಕ್ಕಿಂತ ಬಹಳ ಕಡಿಮೆಯಾದಾಗ ಒಂದರ ಧನ ತುದಿ ಇನ್ನೊಂದರ ಋಣ ತುದಿಯನ್ನು ಎದುರಿಸುತ್ತದೆ. ಆ ಸೆಳೆತವು ಪ್ರತಿ ಕಣದೊಳಗಿನ ಮರಳಿಸುವ ಬಲವನ್ನು ತಗ್ಗಿಸುವುದರಿಂದ ಅನುರಣನೆ 600ರಿಂದ 700ರತ್ತ ಇಳಿಯುತ್ತದೆ. ಬೆಳಕಿನ ದೃಷ್ಟಿಯಿಂದ ಇಂತಹ ಕಣಗಳ ಸಾಲು ಒಂದು ಕಡ್ಡಿಯಂತೆಯೇ ವರ್ತಿಸತೊಡಗುತ್ತದೆ.

ಗಾತ್ರ, ಆಕಾರ, ಗುಂಪು ಈ ಮೂರನ್ನೂ ರೋಹಿತದಲ್ಲಿ ಪ್ರತ್ಯೇಕಿಸಬಹುದು. ಗಾತ್ರ ಮಾತ್ರ ದೊಡ್ಡದಾಗಿದ್ದರೆ ಒಂದೇ ಶಿಖರವಿದ್ದು ಅದು 530 ಅಥವಾ 550ಕ್ಕೆ ಸರಿದಿರುತ್ತದೆ. ಕಡ್ಡಿಗಳಿದ್ದರೆ ಎರಡು ಸ್ಪಷ್ಟ ಶಿಖರಗಳಿರುತ್ತವೆ. ಗುಂಪುಗೂಡಿದ್ದರೆ 520ರ ಶಿಖರ ತಗ್ಗಿ, 600ರಿಂದ ಮುಂದಕ್ಕೆ ಅಗಲವಾದ ಉಬ್ಬು ಏಳುತ್ತದೆ, ಮತ್ತು ಗಂಟೆಗಂಟೆಗೂ ಅದು ಬದಲಾಗುತ್ತಿರುತ್ತದೆ. 650ರಲ್ಲಿನ ಹೀರುವಿಕೆಯನ್ನು 520ರಲ್ಲಿನ ಹೀರುವಿಕೆಯಿಂದ ಭಾಗಿಸಿ ಬರೆದಿಡುತ್ತಾ ಹೋದರೆ ಗುಂಪುಗೂಡುವಿಕೆಯ ಗತಿ ಕಾಗದದ ಮೇಲೆಯೇ ಕಾಣುತ್ತದೆ. ಉಪಕರಣವಿಲ್ಲದವರು ಪ್ರನಾಳವನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಅನಂತರ ಕಪ್ಪು ಬಟ್ಟೆಯ ಮುಂದೆ ಬದಿಯಿಂದ ಬೆಳಕು ಬಿಟ್ಟು ನೋಡಲಿ. 100 ನ್ಯಾನೊಮೀಟರ್‌ನಷ್ಟು ದೊಡ್ಡ ಕಣಗಳು ಬೆಳಕನ್ನು ಚೆನ್ನಾಗಿ ಚದುರಿಸುವುದರಿಂದ ದ್ರಾವಣವು ಮೊದಲ ನೋಟಕ್ಕೆ ನೇರಳೆಯಾಗಿಯೂ ಎರಡನೆಯದಕ್ಕೆ ಮಸುಕಾದ ಕಂದಾಗಿಯೂ ಕಾಣುತ್ತದೆ. 13 ನ್ಯಾನೊಮೀಟರ್ ಕಣಗಳಲ್ಲಿ ಚದುರುವಿಕೆ ತೀರ ಕಡಿಮೆ, ಏಕೆಂದರೆ ಹೀರುವಿಕೆ ತ್ರಿಜ್ಯದ ಘನದಂತೆ ಹೆಚ್ಚಿದರೆ ಚದುರುವಿಕೆ ಅದರ ಆರನೆಯ ಘಾತದಂತೆ ಹೆಚ್ಚುತ್ತದೆ.

ಉಪ್ಪು ಮತ್ತು ಸಕ್ಕರೆಯ ಪರೀಕ್ಷೆ ಏನನ್ನು ತೋರಿಸುತ್ತದೆ?

ಒಳ್ಳೆಯ ಕೆಂಪು ದ್ರಾವಣವನ್ನು ಎರಡು ಪ್ರನಾಳಗಳಲ್ಲಿ ಹಾಕಿ, ಒಂದಕ್ಕೆ 1 ಮೋಲಾರ್ ಸೋಡಿಯಂ ಕ್ಲೋರೈಡ್ ಕೆಲವು ಹನಿ, ಇನ್ನೊಂದಕ್ಕೆ ಅಷ್ಟೇ ಹನಿ ಸಕ್ಕರೆ ದ್ರಾವಣ ಹಾಕಬೇಕು. ಮೊದಲನೆಯದು ನೀಲಿಗೆ ತಿರುಗುತ್ತದೆ, ಎರಡನೆಯದು ಕೆಂಪಾಗಿಯೇ ಉಳಿಯುತ್ತದೆ. ಸಕ್ಕರೆ ಅಯಾನುಗಳನ್ನು ಕೊಡುವುದಿಲ್ಲ. ಅದು ಮಾಧ್ಯಮದ ವಕ್ರೀಭವನ ಸೂಚ್ಯಂಕವನ್ನು ಹೆಚ್ಚಿಸುವುದರಿಂದ ಶಿಖರ ಸ್ವಲ್ಪ ಸರಿಯುತ್ತದೆಂಬುದು ನಿಜವಾದರೂ, ಗೋಳಗಳಲ್ಲಿ ದಪ್ಪ ಪಾಕವೂ ಕೆಲವೇ ನ್ಯಾನೊಮೀಟರ್‌ಗಳಷ್ಟು ಮಾತ್ರ ಸರಿಸುತ್ತದೆ. ಕಣ್ಣಿಗೆ ಅದು ಕಾಣದು.

ಬೋರ್‌ವೆಲ್ ನೀರನ್ನೋ, ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಬಳಸಬಹುದೇ?

ಎರಡೂ ಬೇಡ. ನಮ್ಮ ಜಿಲ್ಲೆಯ ಆಳವಾದ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳಿಗೆ ಎರಡು ಧನ ಆವೇಶಗಳಿರುವುದರಿಂದ ಅವು ಸೋಡಿಯಂಗಿಂತ ಬಹಳ ಕಡಿಮೆ ಸಾಂದ್ರತೆಯಲ್ಲಿಯೇ ಕಣಗಳನ್ನು ಗುಂಪುಗೂಡಿಸುತ್ತವೆ. ಘಟಕದ ನೀರಿನಲ್ಲಿ ಫ್ಲೋರೈಡ್ ಮತ್ತು ಗಡಸುತನ ತಗ್ಗಿರುತ್ತವೆ, ಲವಣಗಳು ಪೂರ್ತಿ ಹೋಗಿರುವುದಿಲ್ಲ. ಕುಡಿಯಲು ಯೋಗ್ಯವಾದದ್ದು ಈ ಕೆಲಸಕ್ಕೂ ಯೋಗ್ಯವೆಂದು ತಿಳಿಯಬಾರದು. ಅಯಾನುರಹಿತ ನೀರು ಅಥವಾ ಎರಡು ಬಾರಿ ಬಟ್ಟಿ ಇಳಿಸಿದ ನೀರು ಬೇಕು.

ಮರುದಿನ ನೇರಳೆಯಾಗುವ ದ್ರಾವಣಗಳಲ್ಲಿ ನೀರಿಗಿಂತ ಹೆಚ್ಚಾಗಿ ಸಂದೇಹಿಸಬೇಕಾದದ್ದು ಶೇಖರಿಸಿದ ಬಾಟಲಿಯನ್ನು. ತಯಾರಿಕೆಗೆ ಒಳ್ಳೆಯ ನೀರು ಬಳಸಿ, ಬಾಟಲಿಯನ್ನು ಮಾತ್ರ ನಲ್ಲಿಯಲ್ಲಿ ತೊಳೆದು ಹಾಗೆಯೇ ಒಣಗಿಸಿದರೆ ಗಾಜಿನ ಮೇಲೆ ಉಳಿದ ಬಿಳಿ ಪೊರೆಯೇ ಸಾಕು. ಫ್ಲಾಸ್ಕನ್ನು ಆಕ್ವಾ ರೀಜಿಯಾದಿಂದ ತೊಳೆಯುವುದು ವಾಡಿಕೆ. ಅದನ್ನು ಹೊಗೆಕೊಠಡಿಯಲ್ಲಿ, ಬೋಧಕರ ಎದುರಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಮಾಡಬೇಕು. ಮುಚ್ಚಿದ ಬಾಟಲಿಯಲ್ಲಿ ಅದನ್ನು ಎಂದೂ ಇಡಬಾರದು.

ಹೆಪ್ಪುಗಟ್ಟಿಸಿ ಇಡಬಹುದೇ?

ಬಾರದು. ಮಂಜುಗಡ್ಡೆಯಾಗುವಾಗ ಕಣಗಳೂ ಲವಣವೂ ಉಳಿದ ಸ್ವಲ್ಪ ನೀರಿನಲ್ಲಿ ಒತ್ತೊತ್ತಾಗಿ ಸೇರಿ, ಕರಗಿಸಿದಾಗ ಬೇರ್ಪಡದ ಗುಂಪುಗಳಾಗಿರುತ್ತವೆ. ಫ್ರಿಜ್‌ನ ಕೆಳಗಿನ ತಟ್ಟೆಯ ತಂಪು ಸಾಕು.

ಕಡ್ಡಿಗಳನ್ನು ನಮ್ಮಲ್ಲಿಯೇ ತಯಾರಿಸಬಹುದೇ?

ರಾಸಾಯನಿಕಗಳು ದೊರೆತರೆ ಸಾಧ್ಯ. ಸೋಡಿಯಂ ಬೋರೋಹೈಡ್ರೈಡ್‌ನಿಂದ ಮೊದಲು ಕೆಲವೇ ನ್ಯಾನೊಮೀಟರ್ ಗಾತ್ರದ ಬೀಜಕಣಗಳನ್ನು ಮಾಡಿ, ಅವನ್ನು ಸಿಟಿಎಬಿ ಎಂಬ ಸಾಬೂನಿನಂತಹ ರಾಸಾಯನಿಕ, ಚಿನ್ನದ ಲವಣ, ಸಿಲ್ವರ್ ನೈಟ್ರೇಟ್ ಮತ್ತು ಆಸ್ಕಾರ್ಬಿಕ್ ಆಮ್ಲವಿರುವ ಬೆಳವಣಿಗೆಯ ದ್ರಾವಣಕ್ಕೆ ಸೇರಿಸುತ್ತಾರೆ. ಸಿಲ್ವರ್ ನೈಟ್ರೇಟ್‌ನ ಪ್ರಮಾಣವನ್ನು ಹೊಂದಿಸಿ ಉದ್ದ-ಅಗಲಗಳ ಅನುಪಾತವನ್ನು ಒಂದು ಮಿತಿಯೊಳಗೆ ಬದಲಿಸಬಹುದು.

ಇಲ್ಲಿ ಎಡವುವ ಜಾಗ ಉಷ್ಣತೆ. ಸಿಟಿಎಬಿ ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹರಳುಗಟ್ಟುತ್ತದೆ. ಡಿಸೆಂಬರ್, ಜನವರಿಯ ಕೋಲಾರದ ಬೆಳಗಿನಲ್ಲಿ ಪ್ರಯೋಗಾಲಯದ ಉಷ್ಣತೆ ಅದಕ್ಕಿಂತ ಸಾಕಷ್ಟು ಕೆಳಗಿರುವುದರಿಂದ, ಬೆಳವಣಿಗೆ ಮುಗಿಯುವವರೆಗೂ ಫ್ಲಾಸ್ಕನ್ನು 27ರಿಂದ 30 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಇಡಬೇಕು. ತಳದಲ್ಲಿ ಬಿಳಿ ಹರಳು ಕಂಡರೆ ಮೆಲ್ಲಗೆ ಬೆಚ್ಚಗೆ ಮಾಡಿ ಕರಗಿಸಿ. ಕುದಿಸಬೇಡಿ, ಏಕೆಂದರೆ ಹೆಚ್ಚು ಕಾಯಿಸಿದ ಕಡ್ಡಿಗಳು ಮೊಟಕಾಗುತ್ತಾ ಹೋಗುತ್ತವೆ, ಮತ್ತು ಅವುಗಳ ಉದ್ದದ ಶಿಖರ ಕಡಿಮೆ ತರಂಗದೂರದ ಕಡೆಗೆ ಹಿಂದಿರುಗುತ್ತದೆ.